ಲೇಡೀಸ್ ಪಕ್ಕದ ಸೀಟು

ವಿಜಯನಗರದ ಮಾರುತಿ ಮಂದಿರದ ಹಿಂದಿನ ರಸ್ತೆಯಲ್ಲಿ ದೊಡ್ಡಣ್ಣನವರ ಟ್ರಾವೆಲ್ಸ್ ಆಫೀಸಿಗೆ ಬಂದವರೆಲ್ಲ ಲಕ್ಷ್ಮೀಪತಿಯನ್ನು ‘ಮ್ಯಾನೇಜರ್ ಸಾರ್’ ಎಂದೇ ಕರೆಯುತ್ತಿದ್ದರು. ಅವನು ಮ್ಯಾನೇಜರನೂ ಹೌದು, ಕಂಪ್ಯೂಟರಿನವನೂ ಹೌದು. ಬಾಗಲಕೋಟೆ, ಇಳಕಲ್ಲು, ಹುಬ್ಬಳ್ಳಿಗಳ ಕಡೆಗೆ ಪ್ರತಿ ಸಂಜೆ ಹೊರಡುವ ಏಳು ಬಸ್ಸುಗಳ ಸೀಟುಗಳು ಅವನೇ ಬರೆದ ಪ್ರೋಗ್ರಾಮಿನಲ್ಲಿ ಬಿಕರಿಯಾಗುತ್ತಿದ್ದವು. ವಿಜಯನಗರದ ಆಫೀಸಿನ ಮೂಲೆಯಲ್ಲಿ ಸದಾ ಗುಂಯ್‌ಗುಡುತ್ತಿದ್ದ ಒಂದು ಕಂಪ್ಯೂಟರೇ ಎಲ್ಲಕ್ಕೂ ಮೂಲ. ರಾಜಾಜಿನಗರದ ಮತ್ತು ಕೆಂಗೇರಿಯ ಕೌಂಟರುಗಳು ಬ್ರಾಡ್‌ಬ್ಯಾಂಡ್ ಮೂಲಕ ಅದಕ್ಕೇ ಜೋಡಣೆಯಾಗಿದ್ದವು.

ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಪ್ರತಿ ಬಸ್ಸಿಗೊಂದು ಉದ್ದನೆಯ ಚಾರ್ಟು, ಕಿವಿಗೊಂದು ಪೆನ್ಸಿಲು. ಕೆಂಗೇರಿಯಿಂದ ಫೋನು ಬರುತ್ತಿತ್ತು: ‘ಹನ್ನೊಂದನೇ ಸೀಟು ಹೋಯ್ತಾ?’ ಇಲ್ಲಿಂದ ಉತ್ತರ ಹೋಗುತ್ತಿತ್ತು: ‘ಇಲ್ಲ, ತಗೋ.’ ಆ ಎರಡು ಮಾತಿನ ನಡುವೆ ರಾಜಾಜಿನಗರದವರು ಅದೇ ಹನ್ನೊಂದನ್ನು ಮಾರಿ ಮುಗಿಸಿರುತ್ತಿದ್ದರು. ಒಮ್ಮೆ ಮದುವೆಗೆ ಹೊರಟಿದ್ದ ಒಂದು ದಿಬ್ಬಣಕ್ಕೂ ಪರೀಕ್ಷೆಗೆ ಹೊರಟಿದ್ದ ನಾಲ್ವರು ಹುಡುಗಿಯರಿಗೂ ಅವೇ ನಾಲ್ಕು ಸೀಟು ಹೋಗಿ, ಬಸ್ಸು ಒಂದೂವರೆ ತಾಸು ರಸ್ತೆಯಲ್ಲಿ ನಿಂತಿತು. ಅದರ ಮರುವಾರವೇ ಬಿ.ಕಾಂ. ಓದಿದ್ದ ಲಕ್ಷ್ಮೀಪತಿ ಬೆಳಗಿನ ಬ್ಯಾಚಿನಲ್ಲಿ ಕಂಪ್ಯೂಟರ್ ಕಲಿಯಲು ಸೇರಿದ. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಎರಡು ದಪ್ಪ ಪುಸ್ತಕ ಕೊಂಡ. ಎಂಟು ತಿಂಗಳಲ್ಲಿ ಚಾರ್ಟು ಗೋಡೆಯಿಂದ ಇಳಿಯಿತು.

ಈಗ ಅವನಿಗೆ ಮೂವತ್ತೆಂಟು. ೨೦೦೭ರ ಆಗಸ್ಟಿನಲ್ಲಿ ಅವನಿಗೊಂದು ಆಸೆ ಹುಟ್ಟಿತು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಪುಟ್ಟ ಕಂಪನಿ ಹೋಟೆಲುಗಳ ಕೋಣೆ ಕಾದಿರಿಸುವ ತಂತ್ರಾಂಶ ಮಾಡುತ್ತಿತ್ತು. ಅದರ ವೆಬ್‌ಸೈಟಿನಲ್ಲಿ ‘ಬ್ಯಾಕ್‌ಎಂಡ್ ಡೆವಲಪರ್ ಬೇಕಾಗಿದ್ದಾರೆ’ ಎಂದಿತ್ತು. ಅದರಡಿಯಲ್ಲೇ ಸಣ್ಣ ಅಕ್ಷರದಲ್ಲಿ ‘ಬಿ.ಇ. ಅಥವಾ ಎಂ.ಸಿ.ಎ., ಎಲ್ಲ ವರ್ಷವೂ ಶೇಕಡಾ ಅರವತ್ತು’ ಎಂದೂ ಇತ್ತು. ಲಕ್ಷ್ಮೀಪತಿ ಅಲ್ಲಿ ಕೊಟ್ಟಿದ್ದ ವಿಳಾಸಕ್ಕೆ ಬಯೋಡೇಟಾ ಕಳಿಸಿದ. ‘ನಿಮ್ಮ ಅರ್ಜಿ ತಲುಪಿದೆ’ ಎಂದು ಯಂತ್ರವೇ ಬರೆದ ಉತ್ತರ ಒಂದು ನಿಮಿಷದಲ್ಲಿ ಬಂತು. ಆಮೇಲೆ ಮೂರು ವಾರ ಏನೂ ಬರಲಿಲ್ಲ.

ಅವನು ಎದೆಗುಂದಲಿಲ್ಲ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಬೆಂಗಳೂರಿನ ಬಳಕೆದಾರರ ಒಂದು ಇ-ಮೇಲ್ ಬಳಗಕ್ಕೆ ಅವನು ಸದಸ್ಯನಾಗಿದ್ದ. ಬರೆಯುತ್ತಿದ್ದುದು ಕಡಿಮೆ, ಓದುತ್ತಿದ್ದುದು ಎಲ್ಲವನ್ನೂ. ಒಂದು ದಿನ ಅದರಲ್ಲಿ ಗೋಪೀನಾಥ ಎಂಬವರ ನಾಲ್ಕು ಸಾಲು ಕಂಡಿತು. ಅವರು ಅದೇ ಕಂಪನಿಯ ಇಂಜಿನಿಯರಿಂಗ್ ಮ್ಯಾನೇಜರು. ‘ನನ್ನ ತಂಡದಲ್ಲಿ ಬ್ಯಾಕ್‌ಎಂಡ್ ಜಾಗ ಇನ್ನೂ ಖಾಲಿಯಿದೆ. ಒಂದೇ ಕೋಣೆಯನ್ನು ಇಬ್ಬರಿಗೆ ಮಾರದಂತೆ ತಡೆಯುವುದು ಹೇಗೆಂದು ನಿಜವಾಗಿ ಬಲ್ಲವರು ಸಿಗುತ್ತಿಲ್ಲ’ ಎಂದು ಅವರು ಬರೆದಿದ್ದರು. ಲಕ್ಷ್ಮೀಪತಿ ಅದನ್ನು ಎರಡು ಸಲ ಓದಿದ. ಇದು ತನಗೇ ಹಾಕಿದ ಕೂಗು ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಚಂದ್ರಾ ಲೇಔಟಿನ ಮನೆಯಲ್ಲಿ ಭಾನುವಾರ ಬೆಳಗ್ಗೆ ಕೂತು ಪತ್ರ ಬರೆದ. ‘ಮಾನ್ಯರೇ, ಈ ಮೂಲಕ ತಮ್ಮ ಅಮೂಲ್ಯ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಧಾಟಿಯ ಇಂಗ್ಲಿಷಿನಲ್ಲಿ ಒಂದೂವರೆ ಪುಟ. ತಂದೆಯ ಹೆಸರು, ಹುಟ್ಟಿದ ದಿನಾಂಕ, ಹವ್ಯಾಸಗಳು, ಬಲ್ಲ ಭಾಷೆಗಳು. ಲಗತ್ತುಗಳು ಐದು: ಸೀಟಿನ ಪ್ರೋಗ್ರಾಂ, ಶಾಲೆಯೊಂದಕ್ಕೆ ಬರೆದ ಅಂಕಪಟ್ಟಿ, ವಾಚನಾಲಯದ ಪುಸ್ತಕಪಟ್ಟಿ, ಇನ್ನೆರಡು. ಹೆಂಡತಿ ಜಯಶೀಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಸೊಪ್ಪು ಬಿಡಿಸುತ್ತಲೇ ಓದಿ ನೋಡಿದಳು.

‘ಇದೇನ್ರೀ, ಅರ್ಜಿನೋ ಲಗ್ನಪತ್ರಿಕೆನೋ? ಕೊನೇಲಿ ‘ಸಕುಟುಂಬ ಸಮೇತ ಆಗಮಿಸಿ’ ಅಂತ ಒಂದು ಸಾಲು ಸೇರಿಸಿಬಿಡಿ.’

‘ಮರ್ಯಾದೆ ಕೊಟ್ಟು ಬರೀಬಾರ್ದಾ?’

‘ಆ ಮನುಷ್ಯನ ಸಮಯ ತಿನ್ನದೇ ಇರೋದೇ ಮರ್ಯಾದೆ. ಅವರಿಗೆ ಏನು ಬೇಕಂತೆ?’

‘ಒಂದೇ ರೂಮು ಇಬ್ಬರಿಗೆ ಹೋಗಬಾರ್ದು.’

‘ಹಂಗಾದ್ರೆ ವಾಚನಾಲಯದ ಪುಸ್ತಕ ಯಾಕೆ? ಸೀಟಿಂದು ಒಂದೇ ಕಳ್ಸಿ. ಐದು ಕೊಟ್ರೆ ಒಂದೂ ಓದಲ್ಲ. ನಾನೂ ಅಷ್ಟೆ, ದಪ್ಪ ಉತ್ತರಪತ್ರಿಕೆ ಕಂಡ್ರೆ ಪುಟ ತಿರುವಿಬಿಡ್ತೀನಿ.’

ಅವಳ ಮಾತು ಅವನಿಗೆ ನಾಟಿತು. ಆದರೆ ಕಳಿಸುವ ಮುನ್ನ ಇನ್ನೊಂದು ಕೆಲಸವಿತ್ತು. ಪ್ರೋಗ್ರಾಂ ಬರೆದವನು ತಾನಾದರೂ ಅದು ದೊಡ್ಡಣ್ಣನವರ ಆಫೀಸಿನದು. ಕೇಳದೆ ಕಳಿಸುವುದು ಅವನ ಜಾಯಮಾನವಲ್ಲ.

ದೊಡ್ಡಣ್ಣನವರು ಮೂಡಲಪಾಳ್ಯದ ಹಳೆಯ ಒಕ್ಕಲು. ರಾಗಿ ಬೆಳೆದ ಜಾಗದಲ್ಲಿ ಈಗ ಅವರ ಬಸ್ಸುಗಳು ನಿಲ್ಲುತ್ತಿದ್ದವು. ಸೋಮವಾರ ಆಫೀಸಿಗೆ ಬಂದವರು ಇಡೀ ಸಂಗತಿಯನ್ನು ಕೇಳಿಸಿಕೊಂಡರು.

‘ಬ್ಯಾಕ್‌ಎಂಡ್ ಅಂದ್ರೇನಪ್ಪ? ಹಿಂದ್ಗಡೆ ಕೂರೋದಾ?’

‘ಹೋಟ್ಲಲ್ಲಿ ಅಡುಗೆಮನೆ ಇದ್ದಂಗೆ ಯಜಮಾನ್ರೇ. ಗಿರಾಕಿಗೆ ಕಾಣೋದು ಟೇಬಲ್ಲು, ತಟ್ಟೆ. ಒಳಗೆ ಯಾರಿಗೆ ಏನು ಹೋಗ್ಬೇಕು ಅಂತ ನೋಡೋದು ಬ್ಯಾಕ್‌ಎಂಡು.’

‘ನಮ್ಮ ಬಸ್ಸಲ್ಲಿ ಬ್ಯಾಕ್ ಸೀಟು ಕೊಟ್ರೆ ಜನ ಜಗಳಕ್ಕೆ ಬತ್ತಾರೆ, ಎತ್ತಿ ಎತ್ತಿ ಹಾಕ್ತದೆ ಅಂತ. ನೀನು ಕೇಳ್ಕಂಡು ಹೋಗ್ತಿದೀಯಲ್ಲ ಮಾರಾಯ!’ ಎಂದು ನಕ್ಕರು. ಆಮೇಲೆ, ‘ಪ್ರೋಗ್ರಾಂ ತೋರಿಸ್ಕೋ. ನನ್ನ ಪ್ಯಾಸೆಂಜರ್‌ಗಳ ಹೆಸರು, ಫೋನ್ ನಂಬರು ಒಂದೂ ಹೊರಗೆ ಹೋಗಕೂಡದು’ ಎಂದರು.

‘ಅದನ್ನ ನೀವು ಹೇಳೋಕೆ ಮುಂಚೇನೇ ತೆಗೆದಿದೀನಿ.’

ನಿಜವಾಗಿಯೂ ತೆಗೆದಿದ್ದ. ಪ್ರಯಾಣಿಕರ ಕೋಷ್ಟಕವನ್ನು ಬರಿದು ಮಾಡಿ, ಬದಲಿಗೆ ನಲವತ್ತು ಕಾಲ್ಪನಿಕ ಟಿಕೆಟು ತುಂಬಿದ್ದ. ಪಾಸ್‌ವರ್ಡ್ ಅಳಿಸಿದ್ದ. ತಾನಾಗಿ ಓಡುವಂಥ ಕಡತವಿದ್ದರೆ ಕಂಪನಿಗಳ ಮೇಲ್ ಯಂತ್ರಗಳು ಬಾಗಿಲಲ್ಲೇ ತಡೆದು ಬಿಸಾಡುತ್ತವೆಂದು ತಿಳಿದಿದ್ದರಿಂದ, ಬರಿಯ ಬರಹದ ಕಡತಗಳನ್ನಷ್ಟೆ ಒಂದು ಜಿಪ್ ಕಡತದಲ್ಲಿ ಕಟ್ಟಿದ. ಎಲ್ಲ ಸೇರಿ ಎಂಬತ್ತನಾಲ್ಕು ಕೆಬಿ. ಹೇಗೆ ಓಡಿಸಿ ನೋಡಬೇಕೆಂದು ಅರ್ಧ ಪುಟದ ಟಿಪ್ಪಣಿ ಇಟ್ಟು, ಅದರಂತೆ ತಾನೇ ಬೇರೊಂದು ಕಂಪ್ಯೂಟರಿನಲ್ಲಿ ಮೊದಲಿಂದ ಕೊನೆಯವರೆಗೆ ನಡೆಸಿ ನೋಡಿದ.

ಬುಧವಾರ ಬೆಳಗ್ಗೆ ಹತ್ತಕ್ಕೆ ಹೋದ ಪತ್ರ ಇಂಗ್ಲಿಷಿನಲ್ಲಿತ್ತು. ಅದರ ಒಕ್ಕಣೆ ಇಷ್ಟು:

‘ಗೋಪೀನಾಥ್ ಅವರಿಗೆ. ನಿಮ್ಮ ಬ್ಯಾಕ್‌ಎಂಡ್ ಹುದ್ದೆಯ ವಿಷಯವಾಗಿ ಬರೆಯುತ್ತಿದ್ದೇನೆ. ಒಂದೇ ಕೋಣೆ ಇಬ್ಬರಿಗೆ ಹೋಗದಂತೆ ತಡೆಯಬಲ್ಲವರು ಬೇಕೆಂದು ಬಳಗದಲ್ಲಿ ಬರೆದಿದ್ದಿರಿ. ಬಸ್ಸಿನ ಸೀಟುಗಳ ವಿಷಯದಲ್ಲಿ ನಾನು ಅದೇ ಕೆಲಸ ಮಾಡುತ್ತಿದ್ದೇನೆ. ಮೂರು ಕೌಂಟರು, ದಿನಕ್ಕೆ ಏಳು ಬಸ್ಸು; ಪ್ರೋಗ್ರಾಂ ಬಂದ ಮೇಲೆ ಒಂದೇ ಸೀಟು ಇಬ್ಬರಿಗೆ ಹೋದದ್ದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಅದನ್ನು ಲಗತ್ತಿಸಿದ್ದೇನೆ. ಸೀಟು ಹಿಡಿಯುವ ಭಾಗ ‘ಬುಕ್’ ಎಂಬ ಕಡತದಲ್ಲಿದೆ, ನೂರೆಂಬತ್ತು ಸಾಲು. ಅದೊಂದನ್ನು ಓದಿದರೆ ಸಾಕು. ನಾನು ಬಿ.ಕಾಂ. ಪದವೀಧರ, ಇಂಜಿನಿಯರ್ ಅಲ್ಲ. ಓದಿ ಸರಿಯೆನಿಸಿದರೆ ಇಪ್ಪತ್ತು ನಿಮಿಷ ಮಾತನಾಡಲು ಸಾಧ್ಯವೇ? ಬೆಳಗಿನ ಹೊತ್ತು ನನಗೆ ಅನುಕೂಲ.’

ಕೆಳಗೆ ಹೆಸರು, ಫೋನ್ ನಂಬರು. ಅಷ್ಟೆ.

ವಿಜಯನಗರದ ಕೌಂಟರಿನಲ್ಲಿ ಕೂರುತ್ತಿದ್ದವಳು ಶಿವಕ್ಕ. ಬಾದಾಮಿ ತಾಲ್ಲೂಕಿನವಳು, ಹತ್ತು ವರ್ಷದಿಂದ ಬೆಂಗಳೂರಿನವಳು. ಅವಳ ಧ್ವನಿ ರಸ್ತೆಯ ಆಚೆಗೂ ಕೇಳುತ್ತಿತ್ತು. ಪತ್ರ ಹೋದ ಸುದ್ದಿ ಅವಳಿಗೆ ಯಾರೂ ಹೇಳಲಿಲ್ಲ, ಆದರೂ ಗೊತ್ತಿತ್ತು.

‘ಏನ್ರೀ ಮ್ಯಾನೇಜರ್ ಸಾಹೇಬ್ರ, ಗುರ್ತಿಲ್ಲದ ಮಂದಿಗೆ ಪತ್ರ ಬರದೀರಂತ? ನಮ್ಮೂರಾಗ ಹಂಗ ಬರದ್ರ ಹುಡುಗಿ ಅಪ್ಪ ಬಡಿಗಿ ಹಿಡಕೊಂಡು ಬರ್ತಾನ.’

‘ಇದಕ್ಕೆ ಉತ್ತರ ಬರುತ್ತೆ ನೋಡಿ ಶಿವಕ್ಕ.’

‘ಬಂದರ ಬರ್ಲಿ. ನೀವು ಹೋದ್ರ ಆ ಕಂಪ್ಯೂಟರ್ ಡಬ್ಬಿ ಕೆಟ್ಟ ದಿನ ನಾ ಯಾರ್ನ ಬೈಲಿ ಅಂತ ಹೇಳಿ ಹೋಗ್ರಿ ಮತ್ತ.’

ಉತ್ತರ ಶುಕ್ರವಾರ ಬಂತು. ಎರಡು ಸಾಲು. ‘ಕಡತ ಓದಿದೆ, ಅಚ್ಚುಕಟ್ಟಾಗಿದೆ. ಆದರೆ ಓಡಿಸಿ ನೋಡಿದಾಗ ಒಂದು ದೋಷ ಕಂಡೆ: ಎಂಟನೆಯ ಸೀಟು ಖಾಲಿಯಿದ್ದರೂ ನನ್ನ ಹೆಸರಿಗೆ ಕೊಡಲು ನಿರಾಕರಿಸಿತು. ಇದು ನಿಮಗೆ ತಿಳಿದಿದೆಯೇ?’

ಇಂಥ ಪ್ರಶ್ನೆಗೆ ಅರ್ಜಿದಾರನ ಕೈ ಮೊದಲು ಕ್ಷಮೆಯತ್ತ ಹೋಗುತ್ತದೆ. ‘ಸರಿಪಡಿಸಿ ಕಳಿಸುತ್ತೇನೆ ಸಾರ್’ ಎಂದು ಬರೆದುಬಿಡುವುದು ಸುಲಭ. ಲಕ್ಷ್ಮೀಪತಿ ಓದಿ ಮುಗುಳ್ನಕ್ಕ. ತಾನು ತುಂಬಿದ್ದ ನಲವತ್ತು ಟಿಕೆಟುಗಳಲ್ಲಿ ಏಳನೆಯ ಸೀಟಿನದು ಒಬ್ಬಳೇ ಹೊರಟ ಹೆಂಗಸಿನದು ಎಂಬುದು ಅವನಿಗೆ ನೆನಪಿತ್ತು.

‘ದೋಷವಲ್ಲ’ ಎಂದು ಉತ್ತರಿಸಿದ. ‘ಏಳು ಮತ್ತು ಎಂಟು ಜೋಡಿ ಸೀಟು. ಏಳರಲ್ಲಿ ಒಂಟಿ ಮಹಿಳೆ ಇದ್ದಾರೆ. ರಾತ್ರಿ ಬಸ್ಸಿನಲ್ಲಿ ಅವರ ಪಕ್ಕದ ಸೀಟನ್ನು ಅಪರಿಚಿತ ಗಂಡಸಿಗೆ ಕೊಡುವುದಿಲ್ಲ. ಒಂದೇ ಟಿಕೆಟಿನಲ್ಲಿ ಬಂದ ಮನೆಯವರಾದರೆ ಕೊಡುತ್ತೇವೆ. ನಿಮ್ಮ ಹೆಸರಿನ ಮುಂದೆ ಲಿಂಗದ ಕಾಲಂನಲ್ಲಿ ‘ಮಹಿಳೆ’ ಎಂದು ಆರಿಸಿ ನೋಡಿ, ಎಂಟು ಸಿಗುತ್ತದೆ. ಆದರೆ ಬಸ್ಸು ಹತ್ತುವಾಗ ಶಿವಕ್ಕ ಎಂಬವರು ನಿಮ್ಮನ್ನು ಇಳಿಸುತ್ತಾರೆ.’

ಕೊನೆಯ ವಾಕ್ಯವನ್ನು ಇಡಲೋ ತೆಗೆಯಲೋ ಎಂದು ಸ್ವಲ್ಪ ಯೋಚಿಸಿ ಇಟ್ಟ. ಅರ್ಧ ಗಂಟೆಯಲ್ಲಿ ಮೊಬೈಲು ಬಡಿದುಕೊಂಡಿತು. ಆ ಕಡೆಯಿಂದ ಗೋಪೀನಾಥರು ಕನ್ನಡದಲ್ಲೇ ಮಾತಾಡಿದರು. ‘ಮಂಗಳವಾರ ಹನ್ನೊಂದಕ್ಕೆ ಬನ್ನಿ. ಶಿವಕ್ಕನ್ನ ಕರ್ಕೊಂಡು ಬರೋದು ಬೇಡ.’

ಕಂಪನಿ ಇದ್ದದ್ದು ಹಿಂದೊಮ್ಮೆ ಲೇತ್ ಯಂತ್ರಗಳು ಓಡುತ್ತಿದ್ದ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗಿನ ಶೆಡ್ಡುಗಳಿಂದ ಇನ್ನೂ ಕಬ್ಬಿಣ ಕೊರೆಯುವ ಸದ್ದು ಬರುತ್ತಿತ್ತು. ಲಕ್ಷ್ಮೀಪತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಎದುರಿಗೆ ಕೂತ ಗೋಪೀನಾಥರು ಟೀ ಶರ್ಟಿನಲ್ಲಿದ್ದರು. ಹದಿನಾಲ್ಕು ವರ್ಷ ಹೊರದೇಶದಲ್ಲಿದ್ದು ಬಂದವರು, ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಅವರ ಪಕ್ಕದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳು ದಿವ್ಯ, ತಂಡದ ಹಿರಿಯ ಇಂಜಿನಿಯರು.

‘ನಮ್ಮ ಸಾರ್ ಆ ಎಂಟನೇ ಸೀಟನ್ನ ಬಗ್ಗು, ದೋಷ ಅಂತ ನಮಗೆಲ್ಲ ತೋರಿಸ್ತಾ ಇದ್ರು’ ಎಂದಳು ದಿವ್ಯ. ‘ಸಾರ್, ನೀವು ಜೀವಮಾನದಲ್ಲಿ ನೈಟ್ ಬಸ್ ಹತ್ತಿಲ್ವಾ ಅಂದೆ. ಯಾವಾಗ್ಲೂ ಟ್ರೈನಂತೆ.’

‘ನಮ್ಮಪ್ಪ ರೈಲ್ವೆಯೋರಮ್ಮ, ಪಾಸ್ ಇತ್ತು. ಬಸ್ ಯಾಕೆ ಹತ್ಲಿ?’ ಎಂದು ಗೋಪೀನಾಥರು ನಕ್ಕು ಅವನತ್ತ ತಿರುಗಿದರು. ‘ಸರಿ, ಲಕ್ಷ್ಮೀಪತಿ. ಎರಡು ಕೌಂಟರ್‌ನೋರು ಒಂದೇ ಗಳಿಗೇಲಿ ಏಳನೇ ಸೀಟು ಕೇಳಿದ್ರು. ಏನಾಗುತ್ತೆ?’

ಅದು ಅವನ ಅಂಗಳ. ಕಾಗದ ತೆಗೆದುಕೊಂಡು ವಿವರಿಸಿದ. ಮೊದಲು ಬಂದವನು ಏಳನೆಯ ಸೀಟಿನ ದಾಖಲೆಗೆ ಬೀಗ ಹಾಕುತ್ತಾನೆ. ಆ ಬೀಗ ತೆರೆಯುವವರೆಗೆ ಎರಡನೆಯವನು ಕಾಯುತ್ತಾನೆ. ಮೊದಲಿನವನು ಬರೆದು ಮುಗಿಸಿದ ಮೇಲೆ ಎರಡನೆಯವನಿಗೆ ಕಾಣುವುದು ಮಾರಾಟವಾದ ಸೀಟು. ಬೀಗ ಹಾಕಿದವನ ಬ್ರಾಡ್‌ಬ್ಯಾಂಡ್ ನಡುವೆ ಸತ್ತರೆ ಏನು ಗತಿ ಎಂದು ದಿವ್ಯ ಕೇಳಿದಳು. ಏನೂ ಆಗುವುದಿಲ್ಲ ಎಂದ. ನೋಡುವುದು, ಬೀಗ ಹಾಕುವುದು, ಬರೆಯುವುದು ಎಲ್ಲ ವಿಜಯನಗರದ ಕಂಪ್ಯೂಟರಿನಲ್ಲೇ ಒಂದೇ ಉಸಿರಿನಲ್ಲಿ ನಡೆಯುತ್ತದೆ. ಕ್ಲರ್ಕು ಟೀ ಕುಡಿಯಲು ಹೋದರೆ ಬೀಗ ಹಾಗೇ ಬಿದ್ದಿರುವ ಪ್ರಶ್ನೆಯಿಲ್ಲ. ಗೋಪೀನಾಥರು ತಲೆದೂಗಿದರು. ಇಪ್ಪತ್ತು ನಿಮಿಷ ಕೇಳಿಕೊಂಡದ್ದು ಐವತ್ತಾಯಿತು. ಕೆಲಸ ತನ್ನದಾಯಿತೆಂದು ಅವನಿಗೆ ಅನಿಸಿದ್ದು ಸುಳ್ಳಲ್ಲ.

ಆಗ ದಿವ್ಯ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು.

‘ಒಂದು ಡೌಟು ಸಾರ್. ಏಳು, ಎಂಟು ಎರಡೂ ಖಾಲಿ ಇದೆ. ಕೆಂಗೇರೀಲಿ ಒಬ್ರು ಲೇಡಿ ಏಳು ಕೇಳ್ತಾರೆ. ಅದೇ ಸೆಕೆಂಡಲ್ಲಿ ರಾಜಾಜಿನಗರದಲ್ಲಿ ಒಬ್ಬ ಗಂಡಸು ಎಂಟು ಕೇಳ್ತಾನೆ. ಅವಾಗ?’

‘ಪ್ರೋಗ್ರಾಂ ಪಕ್ಕದ ಸೀಟು ನೋಡುತ್ತಲ್ಲ’ ಎಂದ ಲಕ್ಷ್ಮೀಪತಿ.

‘ನೋಡುತ್ತೆ. ಬೀಗ ಹಾಕಿ ನೋಡುತ್ತಾ?’

ದಿವ್ಯ ಲ್ಯಾಪ್‌ಟಾಪುಗಳನ್ನು ಅವನತ್ತ ತಿರುಗಿಸಿದಳು. ಪಕ್ಕದ ಸೀಟು ನೋಡುವ ಸಾಲಿಗೂ ಟಿಕೆಟು ಬರೆಯುವ ಸಾಲಿಗೂ ನಡುವೆ ಐದು ಸೆಕೆಂಡು ನಿಲ್ಲುವಂತೆ ಒಂದು ಸಾಲು ಸೇರಿಸಿದ್ದಳು. ‘ನೀವು ಆ ಕಡೆ ಒತ್ತಿ, ನಾನು ಈ ಕಡೆ ಒತ್ತೀನಿ’ ಎಂದಳು. ಒತ್ತಿದರು. ಐದು ಸೆಕೆಂಡಿನಲ್ಲಿ ಎರಡೂ ಪರದೆಗಳಲ್ಲಿ ಟಿಕೆಟು ಮೂಡಿತು. ಏಳು, ಮಹಿಳೆ. ಎಂಟು, ಪುರುಷ.

ಲಕ್ಷ್ಮೀಪತಿ ಎರಡನ್ನೂ ಓದಿದ. ಬೀಗ ಹಾಕುತ್ತಿದ್ದುದು ಮಾರುವ ಸೀಟಿಗೆ ಮಾತ್ರ. ಪಕ್ಕದ ಸೀಟನ್ನು ಸುಮ್ಮನೆ ಇಣುಕಿ ನೋಡುತ್ತಿದ್ದ. ಇಬ್ಬರೂ ಒಂದೇ ಗಳಿಗೆಯಲ್ಲಿ ಇಣುಕಿದರೆ ಇಬ್ಬರಿಗೂ ಪಕ್ಕದ್ದು ಖಾಲಿ; ಇಬ್ಬರ ಬೀಗವೂ ಬೇರೆ ಬೇರೆ ಸೀಟಿಗೆ, ಆದ್ದರಿಂದ ಯಾರೂ ಯಾರಿಗೂ ಕಾಯುವುದಿಲ್ಲ. ಒಂದೇ ಸೀಟು ಇಬ್ಬರಿಗೆ ಹೋಗಿಲ್ಲವೆಂದು ಅವನು ಬರೆದದ್ದು ಸತ್ಯವೇ. ಆದರೆ ಮುರಿದದ್ದು ಸೀಟಿನ ಲೆಕ್ಕವಲ್ಲ, ಸೀಟಿನ ಪಕ್ಕದ ಕಟ್ಟುಪಾಡು.

ಕೆಳಗಿನ ಶೆಡ್ಡಿನಲ್ಲಿ ಏನನ್ನೋ ಕೊರೆಯುತ್ತಿದ್ದರು. ಐದು ಸೆಕೆಂಡಿನ ಆ ಸಾಲು ಕೃತಕ, ನಿಜವಾದ ಕೌಂಟರಿನಲ್ಲಿ ಇಂಥದ್ದು ನಡೆಯುವುದು ಅಪರೂಪ ಎಂದು ವಾದಿಸಲು ಜಾಗವಿತ್ತು. ಆದರೆ ಇಷ್ಟು ದಿನದಲ್ಲಿ ಯಾರೂ ದೂರಿಲ್ಲ ಎನ್ನಲು ಜಾಗವಿರಲಿಲ್ಲ.

‘ತಪ್ಪು ನನ್ನದೇ’ ಎಂದ. ‘ಇದು ನಿಜವಾಗ್ಲೂ ನಡೆದಿದೆ. ಎರಡು ಸಲ. ಯುಗಾದಿ ರಶ್ಶಲ್ಲಿ ಒಂದು, ಹೋದ ದೀಪಾವಳೀಲಿ ಒಂದು. ಎರಡು ಸಲಾನೂ ಬಸ್ ಹತ್ತಿರ ಗಲಾಟೆ ಆಗಿ, ನಮ್ಮ ಶಿವಕ್ಕ ಜನಾನ ಅದಲು ಬದಲು ಕೂರಿಸಿ ಕಳಿಸಿದ್ರು. ಟಿಕೆಟ್ ಹಾಕುವಾಗ ಅವರು ಗಂಡಸು ಹೆಂಗಸು ಸರಿಯಾಗಿ ಆರಿಸಿಲ್ಲ ಅಂತ ನಾನು ಅವರನ್ನೇ ಬೈದೆ. ಆಫೀಸಿನ ಡೈರೀಲಿ ‘ಕೌಂಟರಿನ ಅಜಾಗರೂಕತೆ’ ಅಂತ ಬರೆದಿದೀನಿ.’

ದಿವ್ಯ ಗೋಪೀನಾಥರ ಮುಖ ನೋಡಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು. ‘ಹೇಗೆ ಸರಿ ಮಾಡ್ತೀರಾ?’

‘ಏಳು ಮಾರಬೇಕಾದ್ರೂ, ಎಂಟು ಮಾರಬೇಕಾದ್ರೂ, ಎರಡಕ್ಕೂ ಬೀಗ ಹಾಕಿ ಆಮೇಲೆ ನೋಡೋದು. ಜೋಡೀನ ಜೋಡಿ ಅಂತಾನೇ ಹಿಡೀಬೇಕು.’

‘ಒಬ್ಬ ಏಳು ಹಿಡಿದು ಎಂಟಕ್ಕೆ ಕೈ ಹಾಕ್ತಾನೆ’ ಎಂದಳು ದಿವ್ಯ. ‘ಇನ್ನೊಬ್ಬ ಎಂಟು ಹಿಡಿದು ಏಳಕ್ಕೆ. ಇಬ್ರೂ ಕಾಯ್ತಾ ಕೂತ್ರೆ?’

ಈ ಸಲ ಅವನು ತಡವರಿಸಲಿಲ್ಲ. ‘ಕಾಮಾಕ್ಷಿಪಾಳ್ಯದ ಒಳಗಿನ ರಸ್ತೇಲಿ ನಮ್ಮ ಎರಡು ಬಸ್ಸು ಎದುರುಬದುರು ಸಿಕ್ಕಿಕೊಂಡ್ರೆ ಅದೇ ಆಗೋದು ಮೇಡಂ. ಅದಕ್ಕೆ ಡ್ರೈವರ್‌ಗಳಿಗೆ ಒಂದೇ ರೂಲ್ ಮಾಡಿದೀವಿ, ಎಲ್ಲರೂ ಒಂದೇ ಕಡೆಯಿಂದ ಒಳಗೆ ಹೋಗಬೇಕು ಅಂತ. ಇಲ್ಲೂ ಹಾಗೇ. ಯಾವ ಸೀಟೇ ಮಾರಲಿ, ಯಾವಾಗಲೂ ಚಿಕ್ಕ ನಂಬರಿಗೆ ಮೊದಲು ಬೀಗ.’

‘ಹ್ಞೂಂ’ ಎಂದಳು ದಿವ್ಯ.

‘ಇಲ್ಲೇ ಬರೆದು ತೋರಿಸ್ತೀರಾ?’ ಎಂದು ಗೋಪೀನಾಥರು ಲ್ಯಾಪ್‌ಟಾಪ್ ಸರಿಸಿದರು.

‘ಇವತ್ತು ಸಂಜೆ ಅಲ್ಲಿ ಏಳು ಬಸ್ಸು ಹೊರಡುತ್ತೆ ಸಾರ್. ಮೊದಲು ಅಲ್ಲಿ ಸರಿ ಮಾಡಿ, ನಾಳೆ ನಿಮಗೆ ಕಳಿಸ್ತೀನಿ. ಆಗಬಹುದಾ?’

ಗೋಪೀನಾಥರು ಅವನನ್ನು ಕ್ಷಣಕಾಲ ನೋಡಿ, ‘ಆಗಬಹುದು’ ಎಂದರು.

ನವರಂಗ್ ಚಿತ್ರಮಂದಿರದ ಬಳಿ ಬಸ್ಸು ಹಿಡಿದು ಬರುವಾಗ ಲಕ್ಷ್ಮೀಪತಿ ತನ್ನ ಸ್ಥಿತಿಯನ್ನು ಅಳೆದು ನೋಡಿದ. ಕೆಲಸ ಸಿಗಬಹುದು, ಸಿಗದಿರಬಹುದು. ಒಂದು ಮಾತು ಮಾತ್ರ ಖಚಿತವಿತ್ತು: ಅವರು ಕೇಳಿದ್ದೆಲ್ಲ ತನಗೆ ಅರ್ಥವಾಗಿತ್ತು, ತಾನು ಹೇಳಿದ್ದೆಲ್ಲ ಅವರಿಗೆ ಅರ್ಥವಾಗಿತ್ತು. ಹೆದರಿಕೆಯ ಕಾರಣ ಅವನಿಗೆ ಕಾಣಲಿಲ್ಲ. ಕಂಡದ್ದು ನಾಚಿಕೆಯ ಕಾರಣ, ಅದೂ ಶಿವಕ್ಕನ ಬಾಬ್ತಿಗೆ.

ಮಧ್ಯಾಹ್ನ ಮೂರಕ್ಕೆ ಕೌಂಟರುಗಳು ಬಿಡುವಾಗಿರುತ್ತಿದ್ದವು. ಆ ಹೊತ್ತಿಗೆ ಹನ್ನೊಂದು ಸಾಲು ಬದಲಿಸಿ ಮುಗಿಸಿದ. ದಿವ್ಯಳ ಉಪಾಯವನ್ನೇ ಎರವಲು ಪಡೆದು, ನಡುವೆ ಐದು ಸೆಕೆಂಡು ನಿಲ್ಲಿಸಿ, ಪಕ್ಕದ ಕಂಪ್ಯೂಟರಿನ ಮುಂದೆ ಶಿವಕ್ಕನನ್ನು ಕೂರಿಸಿದ.

‘ನಾನು ಹೆಂಗಸಿನ ಹೆಸರಲ್ಲಿ ಏಳು ಒತ್ತೀನಿ, ನೀವು ಗಂಡಸಿನ ಹೆಸರಲ್ಲಿ ಎಂಟು ಒತ್ತಿ.’

ಒತ್ತಿದರು. ಅವನಿಗೆ ಟಿಕೆಟು ಬಂತು. ಶಿವಕ್ಕನ ಪರದೆ ಐದು ಸೆಕೆಂಡು ಕಾದು, ‘ಪಕ್ಕದಲ್ಲಿ ಮಹಿಳೆ ಇದ್ದಾರೆ’ ಎಂದಿತು.

‘ಇದೇನ್ ಹೊಸಾದ್ರಿ? ಮೊದ್ಲಿಂದ ಹಿಂಗ ಅಂತಿತ್ತಲ್ಲ.’

‘ಯಾವಾಗಲೂ ಅಂತಿರಲಿಲ್ಲ ಶಿವಕ್ಕ. ಇಬ್ಬರು ಒಟ್ಟಿಗೆ ಒತ್ತಿದ್ರೆ ತಪ್ಪಿಸಿಕೊಂಡು ಬಿಡ್ತಿತ್ತು. ಯುಗಾದೀಲಿ, ದೀಪಾವಳೀಲಿ ಆಗಿದ್ದು ಅದೇ. ನಿಮ್ಮ ತಪ್ಪಲ್ಲ, ನಂದು. ಸುಮ್ಮನೆ ಬೈದೆ.’

ಶಿವಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಅವತ್ತು ಯಜಮಾನ್ರ ಮುಂದ ಬೈದ್ರಿ.’

‘ಹೌದು.’

‘ಈಗ ಯಾರಿಲ್ಲದಾಗ ಹೇಳಾಕತ್ತೀರಿ.’

ಲಕ್ಷ್ಮೀಪತಿ ಎದ್ದು ಒಳಗಿನ ಕೋಣೆಗೆ ಹೋಗಿ ದೊಡ್ಡಣ್ಣನವರನ್ನು ಕರೆದುಕೊಂಡು ಬಂದ. ಆಫೀಸಿನ ಡೈರಿ ತೆರೆದು, ‘ಕೌಂಟರಿನ ಅಜಾಗರೂಕತೆ’ ಎಂದಿದ್ದ ಎರಡೂ ಸಾಲುಗಳಿಗೆ ಅವರೆದುರೇ ಅಡ್ಡಗೆರೆ ಎಳೆದು, ‘ಪ್ರೋಗ್ರಾಮಿನ ತಪ್ಪು, ಸರಿಪಡಿಸಲಾಗಿದೆ’ ಎಂದು ಬರೆದು, ದಿನಾಂಕ ಹಾಕಿ ರುಜು ಮಾಡಿದ.

‘ಇನ್ನೊಬ್ರ ಆಫೀಸಿಗೆ ಕೆಲಸ ಕೇಳೋಕೆ ಹೋಗಿ ನಮ್ಮ ಆಫೀಸಿನ ತಪ್ಪು ಹುಡುಕ್ಕೊಂಡು ಬಂದಿದೀಯಲ್ಲಯ್ಯ’ ಎಂದರು ದೊಡ್ಡಣ್ಣ. ‘ವಾರಕ್ಕೊಂದು ಸಲ ಹೋಗಿ ಬಾ, ಡೀಸೆಲ್ ಲೆಕ್ಕಾನೂ ಸರಿಹೋಗಬೋದು.’

ಶಿವಕ್ಕ ಸೆರಗಿನ ತುದಿಯಲ್ಲಿ ನಗು ಒರೆಸಿಕೊಂಡಳು.

ಮರುದಿನ ಬೆಳಗ್ಗೆ ಎರಡನೆಯ ಪತ್ರ ಹೋಯಿತು. ಬದಲಿಸಿದ ಕಡತ ಒಂದೇ ಲಗತ್ತು. ಬದಲಾದ ಹನ್ನೊಂದು ಸಾಲು ಯಾವುವು, ಏಕೆ ಎಂದು ಮೇಲೆ ಬರೆದಿದ್ದ. ಎರಡು ಕಡೆಯಿಂದ ಒಟ್ಟಿಗೆ ಜೋಡಿ ಸೀಟು ಕೇಳುವ ಒಂದು ಪುಟ್ಟ ಪ್ರೋಗ್ರಾಂ ಬರೆದು ಇನ್ನೂರು ಸಲ ಓಡಿಸಿದ್ದೇನೆ, ಒಂದು ಸಲವೂ ಕಟ್ಟುಪಾಡು ಮುರಿಯಲಿಲ್ಲ, ಒಂದು ಸಲವೂ ಸಿಕ್ಕಿಹಾಕಿಕೊಳ್ಳಲಿಲ್ಲ ಎಂದು ಸೇರಿಸಿದ್ದ. ‘ಈ ದೋಷವನ್ನು ಕಂಡುಹಿಡಿದವರು ದಿವ್ಯ ಅವರು’ ಎಂದು ಕೊನೆಯ ಸಾಲು.

ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಗೋಪೀನಾಥರ ಫೋನು ಬಂದಾಗ ಲಕ್ಷ್ಮೀಪತಿ ಒಂದು ಬಸ್ಸಿನ ಪ್ರಯಾಣಿಕರ ಪಟ್ಟಿ ಮುದ್ರಿಸುತ್ತಿದ್ದ.

‘ನಮ್ಮ ಎಚ್ಆರ್‌ನೋರು ನಿಮ್ಮ ಹಳೇ ಅರ್ಜಿ ಹುಡುಕಿ ತಂದ್ರು. ಬಿ.ಇ. ಇಲ್ಲ ಅಂತ ಆಗಲೇ ಪಕ್ಕಕ್ಕೆ ಇಟ್ಟಿದ್ರಂತೆ. ಡಿಗ್ರಿ ಬದಲು ಪರೀಕ್ಷೆ ನಾನೇ ಮಾಡಿದೀನಿ, ದಿವ್ಯ ಅದಕ್ಕಿಂತ ಕಷ್ಟದ್ದು ಮಾಡಿದಾಳೆ ಅಂತ ಬರೆದುಕೊಟ್ಟಿದೀನಿ. ಆರು ತಿಂಗಳು ಪ್ರೊಬೇಷನ್ನು. ಡೆಸಿಗ್ನೇಷನ್ ಬ್ಯಾಕ್‌ಎಂಡ್ ಡೆವಲಪರ್. ವಯಸ್ಸು ನೋಡಿ ಸೀನಿಯರ್ ಅಂತ ಹಾಕೋಕೆ ಆಗಲ್ಲ, ಬೇಜಾರಿಲ್ವಲ್ಲ?’

‘ವಯಸ್ಸು ನೋಡಿ ಹಾಕಬೇಡಿ ಸಾರ್. ಕೆಲಸ ನೋಡಿ ಆಮೇಲೆ ಹಾಕಿ.’

‘ಹಾಗಾದ್ರೆ ಮುಂದಿನ ಸೋಮವಾರ ಸೇರ್ತೀರಾ?’

ಲಕ್ಷ್ಮೀಪತಿ ಗೋಡೆಯ ಕ್ಯಾಲೆಂಡರ್ ನೋಡಿದ. ಗಣೇಶನ ಹಬ್ಬ ಮುಗಿಯುತ್ತಿತ್ತು, ಮುಂದಿದ್ದದ್ದು ದಸರಾ. ವರ್ಷದ ಅತಿ ದೊಡ್ಡ ನೂಕುನುಗ್ಗಲು. ಏಳು ಬಸ್ಸು ಹದಿನೈದಾಗುವ ಹೊತ್ತು. ಬೇಕೆಂದು ತಾನೇ ಕೇಳಿಕೊಂಡು ಹೋದ ಕೆಲಸ. ಆ ಕಡೆ ಫೋನು ಹಿಡಿದವರಿಗೆ ಕಾಯುವ ಅಗತ್ಯವೇನೂ ಇರಲಿಲ್ಲ.

‘ದಸರಾ ಮುಗಿಸಿ ಬರ್ತೀನಿ ಸಾರ್’ ಎಂದ.

‘ಐದಾರು ವಾರ ಆಯ್ತಲ್ರೀ! ಇಷ್ಟರಲ್ಲಿ ಇನ್ನೊಬ್ಬರು ಸಿಕ್ಕಿಬಿಟ್ರೆ?’

‘ಸಿಗಬಹುದು ಸಾರ್. ಆದ್ರೆ ಇದನ್ನ ಓಡಿಸೋದು, ಬ್ಯಾಕಪ್ ತೆಗೆಯೋದು ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಸೀಸನ್ ಮಧ್ಯೆ ನಾನು ಎದ್ದು ಬಂದ್ರೆ, ನಾಳೆ ನಿಮ್ಮ ಹತ್ತಿರಾನೂ ಹಾಗೇ ಎದ್ದು ಹೋಗೋನು ಅಂತಾನೇ ಅರ್ಥ. ಅಂಥೋನು ನಿಮಗೂ ಬೇಡ.’

ಗೋಪೀನಾಥರು ಫೋನಿನಿಂದ ಸ್ವಲ್ಪ ದೂರ ಸರಿದು ಯಾರಿಗೋ, ‘ದಸರಾ ಆದ್ಮೇಲಂತೆ’ ಎಂದದ್ದು ಕೇಳಿಸಿತು. ದಿವ್ಯಳ ಧ್ವನಿ ಏನೋ ಹೇಳಿತು.

‘ಆಯ್ತು. ದಸರಾ ಮುಗಿದು ಬರೋ ಸೋಮವಾರ. ಲೆಟರ್ ಇವತ್ತೇ ಕಳಿಸ್ತೀನಿ. ದಿವ್ಯ ಒಂದು ಮಾತು ಹೇಳಿ ಅಂತಿದಾಳೆ: ಬರೋವಾಗ ಆ ಇನ್ನೂರು ಸಲದ ಪ್ರೋಗ್ರಾಂ ತನ್ನಿ, ನಮ್ಮ ಹೋಟೆಲ್ ರೂಮುಗಳ ಮೇಲೆ ಓಡಿಸಿ ನೋಡಬೇಕಂತೆ.’

‘ತರ್ತೀನಿ. ಏನಾದ್ರೂ ಮುರಿದ್ರೆ ಬೇಜಾರು ಮಾಡ್ಕೋಬಾರ್ದು’ ಎಂದು ಲಕ್ಷ್ಮೀಪತಿ ಫೋನಿಟ್ಟ. ಮುದ್ರಣ ಯಂತ್ರದಿಂದ ಇಳಕಲ್ಲಿನ ಬಸ್ಸಿನ ಪಟ್ಟಿ ಹೊರಬಂದಿತ್ತು. ಅದನ್ನು ಹರಿದು ಡ್ರೈವರನಿಗೆ ಕೊಟ್ಟು, ಒಂದು ಹೊಸ ನೋಟ್‌ಬುಕ್ಕು ತೆಗೆದುಕೊಂಡು ಕೌಂಟರಿಗೆ ಹೋದ.

‘ಶಿವಕ್ಕ, ಪೆನ್ ಹಿಡೀರಿ. ಬೆಳಗ್ಗೆ ಬಂದ ಕೂಡ್ಲೆ ಈ ಡಬ್ಬಿಗೆ ಏನೇನು ಮಾಡಬೇಕು ಅಂತ ಇವತ್ತಿಂದ ಬರೆದುಕೊಳ್ಳೋದು.’

‘ನನ್ನ ಪಗಾರ ಎಷ್ಟು ಏರತೈತಿ ಅಂತ ಮೊದ್ಲ ಬರಕೋತೀನಿ’ ಎನ್ನುತ್ತಾ ಶಿವಕ್ಕ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು.